ವೃತ್ತದ ವರ್ಕ್‌ಶೀಟ್: ಎರಡನೇ ಕಂತು, 4 ಸೆಂ.ಮೀ. ತ್ರಿಜ್ಯ ಕೈಕೊಟ್ಟಿತು

ಭಾನುವಾರ ವಿಜಯನಗರದ ಮನೆಯಲ್ಲಿ ಅಕ್ಕನ ಮಗಳಿಗೂ ಪಕ್ಕದ ಮನೆ ಹುಡುಗಿಗೂ ಹೊಸ ಹಾಳೆ ಕೊಟ್ಟೆ. ಹತ್ತು ಲೆಕ್ಕ, ಅರ್ಧ ಪರಿಧಿ, ಅರ್ಧ ವಿಸ್ತೀರ್ಣ.

ಈ ಸಲ ತಿದ್ದುವಾಗ ಸುಮ್ನೆ ತಪ್ಪು ಅಂತ ಗೀಟು ಹಾಕಲಿಲ್ಲ. ಅವರ ಉತ್ತರವನ್ನು ಸರಿ ಉತ್ತರದಿಂದ ಭಾಗಿಸಿ ನೋಡಿದೆ. ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿದರೆ ಪರಿಧಿ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು ಆಗುತ್ತದೆ. ಪೈ ಬದಲಾದರೆ ಇಷ್ಟು ದೊಡ್ಡ ವ್ಯತ್ಯಾಸ ಬರುವುದಿಲ್ಲ, ಏಕೆಂದರೆ 3.14ಕ್ಕಿಂತ 22/7 ಜಾಸ್ತಿ ಇರುವುದು ಸಾವಿರಕ್ಕೆ ಒಂದರಷ್ಟೂ ಅಲ್ಲ.

ದೋಸೆ ಕಾವಲಿ ಲೆಕ್ಕ ನೋಡಿ. ವ್ಯಾಸ 28 ಸೆಂ.ಮೀ., ಪೈ 3.14 ಅಂತ ಕೊಟ್ಟಿದ್ದೆ. ತ್ರಿಜ್ಯ 14, ವಿಸ್ತೀರ್ಣ 615.44 ಚ.ಸೆಂ.ಮೀ. ಅಕ್ಕನ ಮಗಳು ಬರೆದದ್ದು 2464. ಭಾಗಿಸಿದರೆ 4.0036. ಆ ನಾಲ್ಕು ಬಂದದ್ದು 28ನ್ನೇ ತ್ರಿಜ್ಯ ಅಂದುಕೊಂಡದ್ದರಿಂದ, ಬಾಲದಲ್ಲಿ ಉಳಿದ ಚೂರು 22/7 ಹಾಕಿದ್ದರಿಂದ. ಒಂದೇ ಉತ್ತರದಲ್ಲಿ ಎರಡೂ ಸಿಕ್ಕಿಬಿದ್ದವು! ಪೈ ವಿಷಯದಲ್ಲಿ ತಪ್ಪು ನನ್ನದೇ ಅನ್ನಬೇಕು. 28 ಕಂಡರೆ ಯಾರಿಗಾದರೂ 7ರಲ್ಲಿ ಹೊಡೆದುಹಾಕೋಣ ಅನಿಸುತ್ತದೆ, ಅಲ್ವಾ? ಅದಕ್ಕೆ ಅಂಕ ಕಳೆಯಲಿಲ್ಲ. ವ್ಯಾಸಕ್ಕೆ ಕಳೆದೆ. ಕಾವಲಿಯನ್ನು ಅಳೆಯುವಾಗ ನಡುಬಿಂದು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಅಂಚಿಂದ ಅಂಚಿಗೆ ಸ್ಕೇಲ್ ಇಡುತ್ತೇವೆ, ಹಾಗಾಗಿ ಮನೆ ಸಾಮಾನಿನ ಲೆಕ್ಕದಲ್ಲೆಲ್ಲ ಸಿಗುವುದು ವ್ಯಾಸವೇ, ಮಕ್ಕಳು ಅದನ್ನು ಅರ್ಧ ಮಾಡುವುದನ್ನು ಮರೆಯುತ್ತಾರೆ.

ಇಷ್ಟಾಗಿ ಬೀಗುತ್ತಿದ್ದೆ. ಆಮೇಲೆ ಎಡವಿದೆ.

ಐದನೇ ಲೆಕ್ಕ, ತ್ರಿಜ್ಯ 4 ಸೆಂ.ಮೀ., ಪರಿಧಿ ಎಷ್ಟು? ಸರಿ ಉತ್ತರ 25.12. ಪಕ್ಕದ ಮನೆ ಹುಡುಗಿ 50.24 ಬರೆದಿದ್ದಳು. ಎರಡು ಪಟ್ಟು ಬಂತಲ್ಲ, "ವ್ಯಾಸ ಹಾಕಿದೀಯ" ಅಂತ ಕೆಂಪಿನಲ್ಲಿ ಬರೆದುಬಿಟ್ಟೆ.

"ಇಲ್ಲ ಅಂಕಲ್, ನಾಲ್ಕೇ ಹಾಕಿದೀನಿ, ನೋಡಿ" ಅಂತ ಹಾಳೆಯ ಹಿಂದೆ ತೋರಿಸಿದಳು. 3.14 × 4 × 4. ಅವಳು ವಿಸ್ತೀರ್ಣದ ಸೂತ್ರ ಹಾಕಿದ್ದಳು!

ಪರಿಧಿ ಕೇಳಿದಾಗ πr² ಹಾಕಿದರೆ ಉತ್ತರ r/2 ಪಟ್ಟು ಆಗುತ್ತದೆ. r 4 ಇದ್ದರೆ ಅದೂ ಎರಡೇ ಪಟ್ಟು, ಎರಡು ಬೇರೆ ತಪ್ಪಿಗೂ ಉತ್ತರ ಒಂದೇ. ತ್ರಿಜ್ಯ 2 ಇನ್ನೂ ಕೆಟ್ಟದ್ದು, ಪರಿಧಿಗೂ ವಿಸ್ತೀರ್ಣಕ್ಕೂ 12.56 ಬರುವುದರಿಂದ ತಪ್ಪು ಸೂತ್ರಕ್ಕೂ ಟಿಕ್ ಬೀಳುತ್ತದೆ. ಹಾಗಾಗಿ 2, 4 ಎರಡನ್ನೂ ತೆಗೆದು 5 ಹಾಕಿದೆ. ಈಗ ಸರಿ ಉತ್ತರ 31.4, ವ್ಯಾಸದ ತಪ್ಪಿಗೆ 62.8, ಸೂತ್ರದ ತಪ್ಪಿಗೆ 78.5, ಮೂರೂ ಬೇರೆ ಬೇರೆ.

ಖಾಲಿ ಜಾಗದ ಪಕ್ಕ ಸೆಂ.ಮೀ. ಅಂತ ನಾನೇ ಮುದ್ರಿಸಿದ್ದೆ, ಅದನ್ನೂ ಅಳಿಸಿದೆ. ಅವರೇ ಬರೆಯಲಿ. ಕಾವಲಿ ಲೆಕ್ಕಕ್ಕೆ 22/7 ಅಂತ ತಿದ್ದಿದ್ದೇನೆ. ಮುಂದಿನ ಭಾನುವಾರ ಅಡುಗೆಮನೆಯಿಂದ ಒಂದು ಮುಚ್ಚಳ, ಒಂದು ದಾರ ತರಲು ಹೇಳಿದ್ದೇನೆ.