ಮನಾಲಿ–ಲೇಹ್ ದಾರಿಗೆ ಸೈಕಲ್ ಚೀಲ ತುಂಬುವಾಗ

ಬೆಂಗಳೂರಿನಲ್ಲಿ ನನ್ನದು ಸೈಕಲ್ ರಿಪೇರಿ ಅಂಗಡಿ. ಮನಾಲಿಯಿಂದ ಲೇಹ್‌ಗೆ ಹೊರಡುವವರು ಬಂದು ಗೇರ್, ಬ್ರೇಕ್ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ. ಸಾಮಾನನ್ನು ಮಾತ್ರ ಯೋಚಿಸದೆ ಹಿಂದಿನ ಕ್ಯಾರಿಯರ್‌ಗೆ ಹೇರಿಬಿಡುತ್ತಾರೆ. ಹಾಗಾಗಿ ನಾನು ಮೊದಲು ಹೊರತೆಗೆಯುವುದು ಸ್ಪ್ಯಾನರನ್ನಲ್ಲ, ಮನೆಯಲ್ಲಿ ಮೈತೂಕ ನೋಡುವ ಯಂತ್ರವನ್ನು.

ಒಂದು ಚಕ್ರವನ್ನು ಯಂತ್ರದ ಮೇಲೂ ಇನ್ನೊಂದನ್ನು ಅಷ್ಟೇ ಎತ್ತರದ ಹಲಗೆಯ ಮೇಲೂ ಇಟ್ಟು, ಸವಾರರನ್ನು ಸೀಟಿನ ಮೇಲೆ ಕೂರಿಸಿ ತೂಕ ಓದುತ್ತೇನೆ. ಆಮೇಲೆ ಚಕ್ರ ಅದಲುಬದಲು. ಒಬ್ಬ ಗ್ರಾಹಕರು ಮತ್ತು ಅವರ ಸೈಕಲ್ ಸೇರಿ 83 ಕೆ.ಜಿ. ಇದ್ದರು: ಹಿಂದೆ 48, ಮುಂದೆ 35. ಅವರ 20 ಕೆ.ಜಿ. ಸಾಮಾನನ್ನೆಲ್ಲ ಹಿಂದೆ ಹಾಕಿದಾಗ ಹಿಂದಿನ ಲೆಕ್ಕ 69ಕ್ಕೆ ಏರಿತು, ಮುಂದಿನದು 34ಕ್ಕೆ ಇಳಿಯಿತು! ಹಿಮ್ಮಡಿ ತಾಗದಿರಲೆಂದು ಚೀಲವನ್ನು ಹಿಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ ಸರಿಸಿದ್ದರು. ಅದು ಸನ್ನೆಕೋಲಿನಂತೆ ಮುಂದಿನ ಚಕ್ರವನ್ನು ಎತ್ತುತ್ತಿತ್ತು. ಇಂಥ ಸೈಕಲ್ಲಿನ ಹ್ಯಾಂಡಲ್ ಏರಿನಲ್ಲಿ ಅತ್ತಿತ್ತ ಹೊರಳುತ್ತದೆ, ಇಳಿಜಾರಿನ ವೇಗದಲ್ಲಿ ನಡುಗುತ್ತದೆ.

ಮುಂದಿನ ಫೋರ್ಕಿಗೆ ತಗ್ಗಿನ ಕ್ಯಾರಿಯರ್ ಕಟ್ಟಿ 8 ಕೆ.ಜಿ.ಯನ್ನು ಅಲ್ಲಿಗೆ ಸಾಗಿಸಿದೆವು. ಹಿಂದಿನ ಚೀಲಗಳನ್ನು ಹಿಮ್ಮಡಿ ತಾಗದಷ್ಟು ಮುಂದಕ್ಕೆ ತಂದೆವು. ಈಗ ಹಿಂದೆ 60, ಮುಂದೆ 43. ಸಾಮಾನಿಲ್ಲದಾಗ ಇದ್ದ ಪಾಲೇ ಉಳಿಯಿತು.

ಮುಂದಿನ ಎಡಬಲ ಚೀಲಗಳಲ್ಲಿ ಅರ್ಧ ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ನನಗೆ ಒಪ್ಪಿಗೆಯಿಲ್ಲ. ಭಾರವಾದ ಉಪಕರಣಗಳ ಪೊಟ್ಟಣ ಒಂದರ ತಳಕ್ಕೆ ಹೋದರೆ, ಎದುರಿನ ಚೀಲದ ತಳಕ್ಕೆ ಪಾತ್ರೆ, ಬೀಗ, ಪವರ್ ಬ್ಯಾಂಕ್. ಅಲ್ಲಿ ಅವಲಕ್ಕಿ, ಖರ್ಜೂರ ಬೇಡ. ತಿಂದಷ್ಟೂ ಆ ಬದಿ ಹಗುರವಾಗುತ್ತದೆ. ಟ್ಯೂಬ್, ಪಂಪ್, ಪ್ಯಾಚ್ ಮತ್ತು ಸೊಲ್ಯೂಷನ್ ಮಾತ್ರ ಮೇಲುಗಡೆ ಇರಲಿ. ಒಂದು ಪಂಕ್ಚರಿಗಾಗಿ ರಸ್ತೆಯಲ್ಲಿ ಸಂಸಾರವನ್ನೆಲ್ಲ ಹರಡಬಾರದು.

ಬಿಡಿಭಾಗಗಳಲ್ಲಿ ಹೆಚ್ಚು ಮರೆತುಹೋಗುವುದು ಸ್ಪೋಕ್. ಹಿಂದಿನ ಚಕ್ರದ ಚೈನ್ ಬದಿಯ ಕಡ್ಡಿಗಳು ಗೇರ್ ಹಲ್ಲುಗಳಿಗೆ ಜಾಗ ಬಿಡಬೇಕಾದ್ದರಿಂದ ಹೆಚ್ಚು ನೆಟ್ಟಗೆ, ಹೆಚ್ಚು ಬಿಗಿಯಾಗಿ ನಿಂತಿರುತ್ತವೆ. ಭಾರ ಹೇರಿದಾಗ ಅಲ್ಲಿ ಮುರಿದರೆ, ಆ ಹಲ್ಲುಗಳ ಗುಚ್ಛವಾದ ಕ್ಯಾಸೆಟ್ ಬಿಚ್ಚದೆ ಹೊಸದನ್ನು ತೂರಿಸಲಾಗದು. ಆದ್ದರಿಂದ ಕಡ್ಡಿಯ ಜೊತೆಗೆ ಕ್ಯಾಸೆಟ್ ಬಿಚ್ಚುವ ಪುಟ್ಟ ಸಲಕರಣೆಯೂ ಬೇಕು. ಎರಡು ಬದಿಯ ಕಡ್ಡಿಗಳ ಉದ್ದ ಸಾಮಾನ್ಯವಾಗಿ ಬೇರೆಬೇರೆ. ಅಳೆದು, ಬದಿಗೆರಡರಂತೆ ಫ್ರೇಮಿಗೆ ಟೇಪ್ ಸುತ್ತಿ ಕೊಡುತ್ತೇನೆ. ಗೇರ್ ಬದಲಿಸುವ ಡೀರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಕೂಡ ಆ ಸೈಕಲ್ಲಿಗೆ ಕೂಡುವಂಥದ್ದೇ ಆಗಬೇಕು, ದಾರಿಯಲ್ಲಿ ಅದು ಸಿಗುವುದಿಲ್ಲ.

ಪಾಂಗ್ ದಾಟಿ ಮೋರೆ ಬಯಲಿಗೆ ಹೋಗುವವರು 4 ಲೀಟರ್ ನೀರು ಹೆಚ್ಚಿಗೆ ಒಯ್ದರೆ 4 ಕೆ.ಜಿ. ಸೇರಿದಂತೆ. ಅದನ್ನು ಹಿಂದಿನ ಕ್ಯಾರಿಯರ್ ನೆತ್ತಿಗೆ ಕಟ್ಟಬೇಡಿ, ಫ್ರೇಮಿನ ತ್ರಿಕೋನದೊಳಗೆ ಇಡಿ. ಸಂಜೆ ಟೆಂಟ್ ಹಾಕುವ ಮುನ್ನ ಕ್ಯಾರಿಯರ್ ಬೋಲ್ಟುಗಳನ್ನು ಅಲೆನ್ ಕೀಯಿಂದ ಒಮ್ಮೆ ಮುಟ್ಟಿ ನೋಡಿ. ಕಲ್ಲುದಾರಿಯ ಕುಲುಕಾಟಕ್ಕೆ ಮೊದಲು ಸಡಿಲವಾಗುವುದು ಅವೇ. ನಾಲ್ಕು ಹೆಚ್ಚುವರಿ ಎಂ5 ಬೋಲ್ಟುಗಳನ್ನು ಪೊಟ್ಟಣದಲ್ಲಿ ನಾನೇ ಹಾಕಿರುತ್ತೇನೆ.