ಕೀಟೋ ಮಾಡಿದರೆ ಜಿಮ್‌ನಲ್ಲಿ ಶಕ್ತಿ ಯಾಕೆ ಹೋಗುತ್ತದೆ?

"ಕೀಟೋ ಶುರು ಮಾಡಿ ಎರಡು ವಾರ ಆಯ್ತು. ತೂಕ ಮೂರು ಕೆಜಿ ಇಳಿದಿದೆ, ಆದ್ರೆ ಜಿಮ್‌ನಲ್ಲಿ ಶಕ್ತಿನೇ ಇಲ್ಲ. ಇದು ಸರಿಹೋಗುತ್ತಾ, ಇಲ್ಲಾ ಬಿಟ್ಟುಬಿಡ್ಲಾ?"

ಒಂದಿಷ್ಟು ಸರಿಹೋಗುತ್ತದೆ. ಇನ್ನೊಂದಿಷ್ಟು ನೀವು ಕೀಟೋದಲ್ಲಿ, ಅಂದರೆ ಕಾರ್ಬ್ ಬಹಳ ಕಮ್ಮಿ, ಕೊಬ್ಬು ಜಾಸ್ತಿ ಇರುವ ಊಟದಲ್ಲಿ, ಇರುವಷ್ಟು ದಿನ ಹಾಗೇ ಇರುತ್ತದೆ. ಯಾವುದು ಯಾವುದು ಅಂತ ಗೊತ್ತಾದರೆ ನಿರ್ಧಾರ ಸುಲಭ.

ಮೊದಲು ಆ ಮೂರು ಕೆಜಿ. ಅದರಲ್ಲಿ ಹೆಚ್ಚಿನದು ಕೊಬ್ಬಲ್ಲ, ನೀರು. ನಾವು ತಿಂದ ಕಾರ್ಬ್ ಸ್ನಾಯುಗಳಲ್ಲಿ ಮತ್ತು ಲಿವರ್‌ನಲ್ಲಿ ಗ್ಲೈಕೊಜೆನ್ ಆಗಿ ಕೂತಿರುತ್ತದೆ, ಒಟ್ಟು ಸುಮಾರು 500 ಗ್ರಾಂ. ಪ್ರತಿ ಗ್ರಾಂ ಜೊತೆ ಹತ್ತಿರಹತ್ತಿರ 3 ಗ್ರಾಂ ನೀರೂ ಇರುತ್ತದೆ. ಕಾರ್ಬ್ ಅನ್ನು ದಿನಕ್ಕೆ 50 ಗ್ರಾಂಗಿಂತ ಕೆಳಗೆ ಇಳಿಸಿದಾಗ ಈ ದಾಸ್ತಾನು ಕರಗುತ್ತದೆ, ನೀರೂ ಹೊರಟುಹೋಗುತ್ತದೆ. ಮತ್ತೆ ಕಾರ್ಬ್ ತಿಂದರೆ ಎರಡು ಮೂರು ದಿನದಲ್ಲಿ ಅಷ್ಟೂ ವಾಪಸ್. ಆಗ ಗಾಬರಿ ಬೇಡ, ಮೊದಲ ವಾರ ಕುಣಿಯುವುದೂ ಬೇಡ.

ನೀರಿನ ಜೊತೆ ಹೋಗುವ ಇನ್ನೊಂದು ವಸ್ತು ಉಪ್ಪು. ಇನ್ಸುಲಿನ್ ಇಳಿದಾಗ ಕಿಡ್ನಿ ಸೋಡಿಯಂ ಅನ್ನು ಜಾಸ್ತಿ ಹೊರಹಾಕುತ್ತದೆ. ತಲೆನೋವು, ಎದ್ದು ನಿಂತಾಗ ಕಣ್ಣು ಕತ್ತಲೆ, ವಾರ್ಮ್‌ಅಪ್‌ನಲ್ಲೇ ಎದೆ ಡವಡವ, ಇದನ್ನೇ ಜನ "ಕೀಟೋ ಫ್ಲೂ" ಅನ್ನುವುದು. ಸುಮ್ನೆ ಬರೀ ನೀರು ಕುಡಿದರೆ ಇದು ಇನ್ನೂ ಹೆಚ್ಚಾಗಬಹುದು. ಬಿಪಿ, ಹೃದಯ, ಕಿಡ್ನಿ ತೊಂದರೆ ಇಲ್ಲದವರು ಊಟಕ್ಕೆ ಉಪ್ಪು ಸ್ವಲ್ಪ ಜಾಸ್ತಿ ಹಾಕಿ, ವರ್ಕೌಟ್‌ಗೆ ಅರ್ಧ ಗಂಟೆ ಮೊದಲು ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು ಬೆರೆಸಿ ಕುಡಿದು ನೋಡಿ. ಒಂದೆರಡು ದಿನದಲ್ಲಿ ವ್ಯತ್ಯಾಸ ಗೊತ್ತಾದರೆ ಸಮಸ್ಯೆ ಉಪ್ಪಿನದೇ ಆಗಿತ್ತು.

ಈಗ ಶಕ್ತಿಯ ವಿಷಯ. 80 ಕೆಜಿ ತೂಕದ ಒಬ್ಬರನ್ನು ತಗೊಳ್ಳಿ. ದಿನಕ್ಕೆ 2,200 ಕ್ಯಾಲರಿ: ಕಾರ್ಬ್ 30 ಗ್ರಾಂ, ಪ್ರೋಟೀನ್ 140 ಗ್ರಾಂ, ಉಳಿದದ್ದು ಸುಮಾರು 170 ಗ್ರಾಂ ಕೊಬ್ಬು. ಕೀಟೋಗೆ ಮೊದಲು 100 ಕೆಜಿ ಸ್ಕ್ವಾಟ್‌ನಲ್ಲಿ ಹತ್ತತ್ತು ರೆಪ್ಸ್‌ನ ನಾಲ್ಕು ಸೆಟ್ ಹೊಡೆಯುತ್ತಿದ್ದರು ಅಂತಿಟ್ಟುಕೊಳ್ಳಿ. ಎರಡನೇ ವಾರದಲ್ಲಿ ಅದು 10, 8, 6, 5 ಆಗಬಹುದು. ಆದರೆ ಅದೇ ವ್ಯಕ್ತಿ 130 ಕೆಜಿಯ ಒಂದು ರೆಪ್ ಮೊದಲಿನಂತೆಯೇ ಎತ್ತುತ್ತಾರೆ! ಕಾರಣ ಇಷ್ಟೇ: ಒಂದೆರಡು ರೆಪ್ಸ್‌ಗೆ ಸ್ನಾಯುವಿನಲ್ಲಿರುವ ಕ್ರಿಯಾಟಿನ್ ಫಾಸ್ಫೇಟ್ ಸಾಕು, ಅದಕ್ಕೂ ಕಾರ್ಬ್‌ಗೂ ಹೆಚ್ಚು ಸಂಬಂಧವಿಲ್ಲ. ಅರ್ಧ ನಿಮಿಷದಿಂದ ಒಂದೂವರೆ ನಿಮಿಷದವರೆಗೆ ಎಳೆಯುವ ಸೆಟ್‌ಗೆ ಗ್ಲೈಕೊಜೆನ್ ಬೇಕು. ಕೊಬ್ಬು ಎಷ್ಟೇ ಇದ್ದರೂ ಅಷ್ಟು ವೇಗವಾಗಿ ಉರಿಯುವುದಿಲ್ಲ.

ಮೂರರಿಂದ ಆರು ವಾರದಲ್ಲಿ ದೇಹ ಕೊಬ್ಬನ್ನು ಉರಿಸುವುದನ್ನು ಚೆನ್ನಾಗಿ ಕಲಿಯುತ್ತದೆ, ಸುಸ್ತು ಇಳಿಯುತ್ತದೆ. ಸ್ಕ್ವಾಟ್ 10, 9, 8, 7ಕ್ಕೆ ಬರಬಹುದು. ನಿಧಾನ ಓಟ, ಸೈಕ್ಲಿಂಗ್ ಮೊದಲಿನಷ್ಟೇ ಆಗಬಹುದು. 1983ರಲ್ಲಿ ಸಂಶೋಧಕ ಫಿನ್ನಿ ಐದು ಜನ ಸೈಕ್ಲಿಸ್ಟ್‌ಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ನಾಲ್ಕು ವಾರದ ನಂತರ ಮಧ್ಯಮ ವೇಗದ ಸವಾರಿ ಸರಾಸರಿಯಲ್ಲಿ ಕುಂದಿರಲಿಲ್ಲ. ವೇಗ ಏರಿದಾಗ ಕಥೆ ಬೇರೆ. 2017ರಲ್ಲಿ ಸಂಶೋಧಕಿ ಲೂಯೀಸ್ ಬರ್ಕ್ ಅವರ ತಂಡ ರೇಸ್ ವಾಕರ್‌ಗಳನ್ನು ಪರೀಕ್ಷಿಸಿತು. ಕೊಬ್ಬು ಉರಿಯುವುದು ಬಹಳ ಹೆಚ್ಚಿತು, ಆದರೆ ಅದೇ ವೇಗಕ್ಕೆ ಆಮ್ಲಜನಕ ಜಾಸ್ತಿ ಬೇಕಾಯಿತು. ಕಾರ್ಬ್ ತಿಂದವರ 10 ಕಿಲೋಮೀಟರ್ ಸಮಯ ಸುಧಾರಿಸಿತು, ಕೀಟೋದವರದ್ದು ಇಲ್ಲ. ಅಂದರೆ ಕೊಬ್ಬು ಜಾಸ್ತಿ ಉರಿಯುವುದಕ್ಕೂ ಮೈಮೇಲಿನ ಕೊಬ್ಬು ಇಳಿಯುವುದಕ್ಕೂ, ಪರ್ಫಾರ್ಮೆನ್ಸ್‌ಗೂ ನೇರ ಸಂಬಂಧ ಇಲ್ಲ. ತಿನ್ನುವ ಕೊಬ್ಬೇ ಉರಿಯುತ್ತಿರಬಹುದು ಅಲ್ವಾ? ಕ್ಯಾಲರಿ ಕಮ್ಮಿ ಆಗದೆ ಮೈ ಇಳಿಯುವುದಿಲ್ಲ. ಕೀಟೋದ ನಿಜವಾದ ಅನುಕೂಲ ಅಂದ್ರೆ ಹಲವರಿಗೆ ಹಸಿವು ಕಮ್ಮಿ ಆಗುತ್ತದೆ, ಹಾಗಾಗಿ ಕಷ್ಟವಿಲ್ಲದೆ ಕಮ್ಮಿ ತಿನ್ನುತ್ತಾರೆ. ಅದು ದೊಡ್ಡದೇ.

ಹಾಗಾಗಿ ನಿಮ್ಮ ವರ್ಕೌಟ್ ಲಾಗ್ ನೋಡಿ. ಉದ್ದ ಸೆಟ್ ಮಾತ್ರ ಬಿದ್ದಿದ್ದರೆ, ಅದು ಕಾರ್ಬ್ ಕಮ್ಮಿಯಾದದ್ದರ ಲಕ್ಷಣ. ಸೆಟ್ ಚಿಕ್ಕದು ಮಾಡಿ, 3ರಿಂದ 5 ರೆಪ್ಸ್ ಇರಲಿ, ನಡುವೆ ಮೂರು ನಿಮಿಷ ಬಿಡುವು ಕೊಟ್ಟು ಆರನೇ ವಾರದವರೆಗೆ ಕಾಯಿರಿ. ಒಂದೇ ರೆಪ್‌ನ ತೂಕವೂ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಕಾಯಬೇಡಿ. ಆಗ ಸಾಮಾನ್ಯವಾಗಿ ಒಟ್ಟು ಊಟ ಅಥವಾ ಪ್ರೋಟೀನ್ ಕಮ್ಮಿ. ಪ್ರೋಟೀನ್ ತಿಂದರೆ ಕೀಟೋಸಿಸ್, ಅಂದರೆ ದೇಹ ಮುಖ್ಯವಾಗಿ ಕೊಬ್ಬನ್ನೇ ಉರಿಸುವ ಸ್ಥಿತಿ, ಮುರಿಯುತ್ತದೆ ಅಂತ ಹೆದರಿ 60 ಗ್ರಾಂಗೆ ಇಳಿಸುವವರು ಬಹಳ ಜನ, ಅಲ್ಲೇ ಸ್ನಾಯು ಹೋಗುವುದು. ಮೈ ಕಟ್ಟುವುದೇ ನಿಮ್ಮ ಗುರಿಯಾಗಿದ್ದರೆ, ನಾನಂತೂ ಕೀಟೋ ಹೇಳುವುದಿಲ್ಲ.

ಡಯಾಬಿಟಿಸ್ ಔಷಧಿ, ಮುಖ್ಯವಾಗಿ ಇನ್ಸುಲಿನ್ ಅಥವಾ ಹೆಸರು "ಗ್ಲಿಫ್ಲೋಜಿನ್" ಅಂತ ಮುಗಿಯುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಲೇಬೇಡಿ. ಆ ಮಾತ್ರೆಯ ಜೊತೆ ಕೀಟೋ ಮಾಡಿದರೆ, ಸಕ್ಕರೆ ಮಟ್ಟ ಅಷ್ಟೇನೂ ಏರದಿದ್ದರೂ ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಅದನ್ನು ಕೀಟೋ ಫ್ಲೂ ಅಂತ ತಳ್ಳಿಹಾಕದೆ ನೇರ ಆಸ್ಪತ್ರೆಗೆ ಹೋಗಿ.