ಮೀಟರ್ ಇಲ್ಲದ ಸೈಕಲ್ಲಿನ ವೇಗ

"ಅಣ್ಣಾ, ನನ್ನ ಸೈಕಲ್ಲಿಗೆ ಮೀಟರ್ ಇಲ್ಲ, ಮೊಬೈಲ್ ಜೇಬಿನಲ್ಲಿ ಇರುತ್ತದೆ. ಪೆಡಲ್ ತುಳಿಯುವುದನ್ನು ಎಣಿಸಿ ಎಷ್ಟು ವೇಗದಲ್ಲಿ ಹೋಗುತ್ತಿದ್ದೇನೆ ಎಂದು ಹೇಳಬಹುದೇ?"

ಹೇಳಬಹುದು. ದಾರಿಯಲ್ಲಿ ಗುಣಾಕಾರ ಭಾಗಾಕಾರವನ್ನೂ ಮಾಡಬೇಕಾಗಿಲ್ಲ. ಮನೆಯಲ್ಲಿ ಒಮ್ಮೆ ಕುಳಿತು ನಿಮ್ಮ ಸೈಕಲ್ಲಿನ ಒಂದು ಸಂಖ್ಯೆಯನ್ನು ತೆಗೆದಿಟ್ಟುಕೊಂಡರೆ, ಆಮೇಲೆ ಕೈಗಡಿಯಾರವೊಂದಿದ್ದರೆ ಸಾಕು. ಆ ಸಂಖ್ಯೆ ಎಲ್ಲಿಂದ ಬರುತ್ತದೆ ಎನ್ನುವುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಗೇರ್ ಬದಲಾದಾಗ, ಟೈರ್ ಬದಲಾದಾಗ ಅದನ್ನು ನೀವೇ ತಿದ್ದಿಕೊಳ್ಳಬೇಕಾಗುತ್ತದೆ.

ಗಂಗಾವತಿಯಲ್ಲಿ ಕಾಲೇಜು ಹುಡುಗರು ಓಡಿಸುವ ಏಳು ಗೇರಿನ ಸೈಕಲ್ಲೊಂದನ್ನು ತೆಗೆದುಕೊಳ್ಳೋಣ. ಪೆಡಲ್ ಕೂತಿರುವ ಮುಂದಿನ ಚೈನ್ ವೀಲಿಗೆ 42 ಹಲ್ಲುಗಳಿವೆ. ಹಿಂದಿನ ಫ್ರೀವೀಲಿನಲ್ಲಿ ಚೈನ್ ಈಗ 18 ಹಲ್ಲಿನ ಚಕ್ರದ ಮೇಲಿದೆ. ಪೆಡಲ್ ಒಂದು ಪೂರ್ತಿ ಸುತ್ತು ಬಂದಾಗ ಮುಂದಿನ 42 ಹಲ್ಲುಗಳು ಚೈನಿನ 42 ಕೊಂಡಿಗಳನ್ನು ಎಳೆಯುತ್ತವೆ. ಅಷ್ಟೇ ಕೊಂಡಿಗಳು ಹಿಂದಿನ ಚಕ್ರದ ಮೇಲೂ ಹಾಯಬೇಕು. ಅಲ್ಲಿ ಇರುವುದು 18 ಹಲ್ಲು ಮಾತ್ರ, ಹಾಗಾಗಿ ಅದು 42ನ್ನು 18ರಿಂದ ಭಾಗಿಸಿದಷ್ಟು, ಅಂದರೆ 2.33 ಸುತ್ತು ತಿರುಗುತ್ತದೆ. ಗಾಲಿಯೂ ಅದರ ಜೊತೆಗೇ ಅಷ್ಟೇ ಸುತ್ತುತ್ತದೆ. ಅಕ್ಕಿ ಗಿರಣಿಯ ಬೆಲ್ಟ್ ಭಾರ ಹೆಚ್ಚಾದರೆ ಜಾರುವಂತೆ ಚೈನ್ ಜಾರುವುದಿಲ್ಲ. ಹಲ್ಲಿಗೆ ಹಲ್ಲು ಲೆಕ್ಕ ಸರಿಹೋಗಲೇಬೇಕು. ಈ ಲೆಕ್ಕವನ್ನು ಕಣ್ಣು ಮುಚ್ಚಿ ನಂಬಬಹುದಾದದ್ದು ಇದೊಂದೇ ಕಾರಣಕ್ಕೆ.

ಇನ್ನು ಗಾಲಿಯ ಸುತ್ತಳತೆ. ಈ ಸೈಕಲ್ಲಿನ ಟೈರಿನ ಮೇಲೆ 700×32 ಎಂದು ಬರೆದಿದೆ. ಆ ಅಳತೆಯ ಟೈರಿಗೆ ಮೀಟರ್ ತಯಾರಿಸುವವರ ಪಟ್ಟಿಗಳು 2.155 ಮೀಟರ್ ಎನ್ನುತ್ತವೆ. ಪಟ್ಟಿಯ ಹಂಗು ಬೇಡವೆಂದರೆ ನೀವೇ ಅಳೆಯಿರಿ. ಗಾಳಿ ಎಂದಿನಷ್ಟು ಇರಲಿ. ವಾಲ್ವ್ ಸರಿಯಾಗಿ ಕೆಳಗೆ ಬರುವಂತೆ ನಿಲ್ಲಿಸಿ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ನೀವು ಸೀಟಿನ ಮೇಲೆ ಕುಳಿತು, ಗೆಳೆಯನೊಬ್ಬ ಹಿಡಿದುಕೊಂಡು ನೇರವಾಗಿ ಮುಂದೆ ತಳ್ಳಲಿ. ವಾಲ್ವ್ ಮೂರನೆಯ ಸಲ ಕೆಳಗೆ ಬಂದಲ್ಲಿ ಇನ್ನೊಂದು ಗೆರೆ ಎಳೆದು, ನಡುವಿನ ದೂರವನ್ನು ಟೇಪಿನಿಂದ ಅಳೆದು ಮೂರರಿಂದ ಭಾಗಿಸಿ. ಕುಳಿತೇ ಅಳೆಯಬೇಕು, ಏಕೆಂದರೆ ಮೈಭಾರಕ್ಕೆ ಟೈರ್ ಕೆಳಗೆ ಸ್ವಲ್ಪ ಚಪ್ಪಟೆಯಾಗಿ, ಸುತ್ತಿಗೆ ಸಾಗುವ ದೂರ ಒಂದಿಷ್ಟು ಕಡಿಮೆಯಾಗುತ್ತದೆ. ಗೆರೆಗಳ ನಡುವೆ 6.45 ಮೀಟರ್ ಬಂತು ಎಂದಿಟ್ಟುಕೊಳ್ಳಿ, ಆಗ ಸುತ್ತಳತೆ 2.15 ಮೀಟರ್.

ಈಗ 2.33 ಸುತ್ತಿಗೆ 2.15 ಮೀಟರಿನಂತೆ ಪೆಡಲಿನ ಒಂದು ಸುತ್ತಿಗೆ ಸೈಕಲ್ 5.02 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ ನಿಮಿಷಕ್ಕೆ ಸುಮಾರು 401 ಮೀಟರ್, ಗಂಟೆಗೆ 24 ಕಿಲೋಮೀಟರ್. ಒಂದೇ ಸಾಲಿನಲ್ಲಿ ಬರೆದರೆ:

```
ವೇಗ = ತುಳಿತ × (ಮುಂದಿನ ಹಲ್ಲು ÷ ಹಿಂದಿನ ಹಲ್ಲು) × ಸುತ್ತಳತೆ × 0.06
24.1 = 80 × (42 ÷ 18) × 2.15 × 0.06
```

ತುಳಿತ ನಿಮಿಷಕ್ಕೆ, ಸುತ್ತಳತೆ ಮೀಟರಿನಲ್ಲಿ, ಉತ್ತರ ಗಂಟೆಗೆ ಕಿಲೋಮೀಟರಿನಲ್ಲಿ. ಕೊನೆಯ 0.06 ಬಂದದ್ದು ಗಂಟೆಯ 60 ನಿಮಿಷವನ್ನು ಕಿಲೋಮೀಟರಿನ 1000 ಮೀಟರಿನಿಂದ ಭಾಗಿಸಿ.

ಪುಸ್ತಕದ ಲೆಕ್ಕ ಇಲ್ಲಿಗೆ ಮುಗಿಯಿತು. ಆದರೆ ಎದುರಿಗೆ ಭತ್ತ ತುಂಬಿದ ಟ್ರ್ಯಾಕ್ಟರ್ ಬರುತ್ತಿರುವಾಗ ಇಡೀ ನಿಮಿಷ ಪೆಡಲ್ ಎಣಿಸಿ ಮನಸ್ಸಿನಲ್ಲೇ ಗುಣಿಸುವವರು ಯಾರು? ಅದಕ್ಕೇ ನಾನು ಎಲ್ಲರಿಗೂ ಹೇಳಿಕೊಡುವುದು ಬೇರೆ ದಾರಿ. ಪೆಡಲಿನ ಒಂದು ಸುತ್ತಿಗೆ ಎಷ್ಟು ಮೀಟರ್ ಸಾಗುತ್ತದೋ ಅದನ್ನು 3.6ರಿಂದ ಗುಣಿಸಿ. ನಮ್ಮ ಸೈಕಲ್ಲಿಗೆ 5.02ನ್ನು 3.6ರಿಂದ ಗುಣಿಸಿದರೆ 18. ಇದು ಸೆಕೆಂಡುಗಳ ಸಂಖ್ಯೆ. 18 ಸೆಕೆಂಡಿನಲ್ಲಿ ಪೆಡಲ್ ಎಷ್ಟು ಸುತ್ತು ಬರುತ್ತದೋ ಅದೇ ನಿಮ್ಮ ವೇಗ. 20 ಸುತ್ತು ಬಂದರೆ ಗಂಟೆಗೆ 20 ಕಿಲೋಮೀಟರ್, 24 ಬಂದರೆ 24.

ಇದರಲ್ಲಿ ಮಾಯವೇನೂ ಇಲ್ಲ. ಸೆಕೆಂಡಿಗೆ ಒಂದು ಮೀಟರ್ ಎಂದರೆ ಗಂಟೆಗೆ 3.6 ಕಿಲೋಮೀಟರ್. ಸುತ್ತುಗಳನ್ನು 5.02ರಿಂದಲೂ 3.6ರಿಂದಲೂ ಗುಣಿಸಿ ಸೆಕೆಂಡುಗಳಿಂದ ಭಾಗಿಸಿದರೆ ವೇಗ ಸಿಗುತ್ತದೆ. ಭಾಗಿಸುವ ಸೆಕೆಂಡುಗಳೂ ಆ ಗುಣಲಬ್ಧದಷ್ಟೇ ಇದ್ದರೆ ಮೇಲೆ ಕೆಳಗೆ ಹೊಡೆದುಹೋಗಿ ಸುತ್ತುಗಳ ಸಂಖ್ಯೆಯೊಂದೇ ಉಳಿಯುತ್ತದೆ.

ಎಣಿಸುವಲ್ಲಿ ಎರಡು ಕಡೆ ಜನ ಎಡವುತ್ತಾರೆ. ಎರಡೂ ಕಾಲನ್ನು ಎಣಿಸಿದವರು ಮೋಟಾರ್ ಸೈಕಲ್ಲಿನ ವೇಗ ಹೇಳಿಕೊಂಡು ಬರುತ್ತಾರೆ. ಅದು ಕೇಳಿದ ಕೂಡಲೇ ಗೊತ್ತಾಗುವುದರಿಂದ ಅಪಾಯವಿಲ್ಲ. ಇನ್ನೊಂದು ಗೊತ್ತಾಗುವುದೇ ಇಲ್ಲ. ಬಲ ಮೊಣಕಾಲು ಮೇಲೆ ಬಂದ ಕ್ಷಣ ಗಡಿಯಾರ ನೋಡಿ "ಒಂದು" ಎಂದು ಶುರು ಮಾಡುತ್ತಾರೆ. ಆ ಕ್ಷಣಕ್ಕೆ ಇನ್ನೂ ಒಂದು ಸುತ್ತೂ ಆಗಿಲ್ಲ, ಅದು "ಸೊನ್ನೆ". ಮೊಣಕಾಲು ಮತ್ತೆ ಮೇಲೆ ಬಂದಾಗ "ಒಂದು". ಈ ಒಂದು ಎಣಿಕೆ ಹೆಚ್ಚಾದರೆ ವೇಗ ಸರಿಯಾಗಿ ಒಂದು ಕಿಲೋಮೀಟರ್ ಹೆಚ್ಚು ಬರುತ್ತದೆ. ಇನ್ನೂ ನಿಖರವಾಗಿ ಬೇಕೆಂದರೆ 36 ಸೆಕೆಂಡು ಎಣಿಸಿ ಅರ್ಧ ಮಾಡಿ. ಆಗ ಒಂದು ಸುತ್ತು ತಪ್ಪಿದರೂ ಅರ್ಧ ಕಿಲೋಮೀಟರ್ ಮಾತ್ರ ವ್ಯತ್ಯಾಸ.

ಅಳತೆಯಲ್ಲಿ ಎಲ್ಲಿ ಜಿಪುಣತನ ಮಾಡಬೇಕು, ಎಲ್ಲಿ ಉದಾರವಾಗಿ ಬಿಡಬಹುದು ಎನ್ನುವುದೂ ಮುಖ್ಯ. ಸುತ್ತಳತೆಗೆ ತಲೆ ಕೆಡಿಸಿಕೊಳ್ಳುವವರೇ ಜಾಸ್ತಿ. ಪಟ್ಟಿಯ 2.155ಕ್ಕೂ ನಾವು ಅಳೆದ 2.15ಕ್ಕೂ 24ರ ವೇಗದಲ್ಲಿ ಬರುವ ವ್ಯತ್ಯಾಸ ಗಂಟೆಗೆ ಒಂದು ಕಿಲೋಮೀಟರಿನ ಹತ್ತನೇ ಒಂದು ಭಾಗವೂ ಅಲ್ಲ. ಮುಂದಿನ 42ನ್ನು 43 ಎಂದು ಎಣಿಸಿದರೆ ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು ತಪ್ಪು. ಹಿಂದಿನ 18ನ್ನು 17 ಎಂದು ಎಣಿಸಿದರೆ ಮಾತ್ರ 24 ಇರಬೇಕಾದದ್ದು 25.5 ಆಗುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಒಂದು ಹಲ್ಲಿನ ಬೆಲೆ ದೊಡ್ಡದು. ಹಾಗಾಗಿ ಹಿಂದಿನ ಚಕ್ರದ ಒಂದು ಹಲ್ಲಿಗೆ ಬಣ್ಣದ ಚುಕ್ಕೆ ಹಚ್ಚಿ ಅಲ್ಲಿಂದಲೇ ಎಣಿಸಿ, ಅಲ್ಲಿಗೇ ನಿಲ್ಲಿಸಿ. ಗ್ರೀಸು ಒರೆಸಿ ನೋಡಿದರೆ ಎಷ್ಟೋ ಚಕ್ರಗಳ ಮೇಲೆ ಹಲ್ಲಿನ ಸಂಖ್ಯೆಯನ್ನು ಅಚ್ಚೊತ್ತಿಯೇ ಇರುತ್ತಾರೆ.

ಗೇರಿಲ್ಲದ ಕಪ್ಪು ಸೈಕಲ್ಲಿನವರು ಇಲ್ಲಿ ಕೇಳುತ್ತಾರೆ: ನಮ್ಮದಕ್ಕೆ ಪೂರ್ತಿ ಚೈನ್ ಕವರ್ ಇದೆ, ಹಲ್ಲು ಕಾಣುವುದೇ ಇಲ್ಲವಲ್ಲ? ಕವರ್ ಬಿಚ್ಚುವುದು ಬೇಡ. ಸೈಕಲ್ಲನ್ನು ಹಿಂದಕ್ಕೆ ತಳ್ಳಿ. ಮುಂದೆ ತಳ್ಳಿದರೆ ಫ್ರೀವೀಲ್ ಟಿಕಟಿಕ ಎನ್ನುತ್ತದೆಯೇ ಹೊರತು ಪೆಡಲ್ ತಿರುಗುವುದಿಲ್ಲ. ಹಿಂದೆ ತಳ್ಳಿದರೆ ಫ್ರೀವೀಲ್ ಹಿಡಿದುಕೊಂಡು ಪೆಡಲನ್ನೂ ಹಿಮ್ಮುಖವಾಗಿ ತಿರುಗಿಸುತ್ತದೆ. ಪೆಡಲ್ ನೆಟ್ಟಗೆ ಕೆಳಗಿರುವಾಗ ಹಿಂದಿನ ಗಾಲಿಯ ಕೆಳಗೆ ಗೆರೆ ಎಳೆದು, ಪೆಡಲ್ ಮೂರು ಸುತ್ತು ಬರುವವರೆಗೆ ನೇರವಾಗಿ ಹಿಂದೆ ತಳ್ಳಿ ದೂರ ಅಳೆಯಿರಿ. ಹಲ್ಲು, ಸುತ್ತಳತೆ ಎಲ್ಲವೂ ಆ ಒಂದು ಅಳತೆಯೊಳಗೇ ಸೇರಿರುತ್ತವೆ. 28×1½ ಟೈರು, ಮುಂದೆ 44, ಹಿಂದೆ 18 ಹಲ್ಲಿರುವ ಸೈಕಲ್ಲಿಗೆ ಸುಮಾರು 16.35 ಮೀಟರ್ ಬರುತ್ತದೆ. ಮೂರರಿಂದ ಭಾಗಿಸಿದರೆ 5.45, ಅದನ್ನು 3.6ರಿಂದ ಗುಣಿಸಿದರೆ 19.6. ಅಂದರೆ ಇಂಥ ಸೈಕಲ್ಲಿನವರು 20 ಸೆಕೆಂಡು ಎಣಿಸಿದರೆ ಸಾಕು. ಸೆಕೆಂಡಿನ ಮುಳ್ಳು ನಾಲ್ಕು ಅಂಕಿ ದಾಟುವಷ್ಟರಲ್ಲಿ 15 ಸುತ್ತು ಬಂದರೆ ಗಂಟೆಗೆ 15 ಕಿಲೋಮೀಟರ್. ಗೇರಿನ ಸೈಕಲ್ಲನ್ನು ಹೀಗೆ ಹಿಂದೆ ತಳ್ಳುವುದಾದರೆ ಚೈನ್ ನೇರವಾಗಿರುವ ಗೇರಿನಲ್ಲಿ, ನಿಧಾನವಾಗಿ ತಳ್ಳಿ, ಇಲ್ಲವಾದರೆ ಚೈನ್ ಕಳಚಿಕೊಳ್ಳಬಹುದು.

ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ಸಮತಟ್ಟಾದ ದಾರಿಯಂಥದ್ದು ಬೇಕು. ಅಲ್ಲಿ ಅಳೆದ ಒಂದು ಕಿಲೋಮೀಟರನ್ನು ಒಂದೇ ಗೇರಿನಲ್ಲಿ, ಎಲ್ಲೂ ತುಳಿಯುವುದನ್ನು ನಿಲ್ಲಿಸದೆ ಹೋಗಿ. 5.02 ಮೀಟರಿನ ಸೈಕಲ್ಲಿಗೆ 199 ಸುತ್ತು ಬರಬೇಕು. ಹತ್ತು ಸುತ್ತು ಹೆಚ್ಚು ಕಡಿಮೆ ಬಂದರೆ ಮೊದಲು ಹಿಂದಿನ ಹಲ್ಲನ್ನು ಮತ್ತೆ ಎಣಿಸಿ. 210ರ ಹತ್ತಿರ ಬಂದರೆ ಅಲ್ಲಿರುವುದು 19 ಹಲ್ಲಿನ ಚಕ್ರ.

ತುಳಿಯುವುದನ್ನು ನಿಲ್ಲಿಸಬಾರದು ಎಂದೆನಲ್ಲ, ಈ ಲೆಕ್ಕದ ಮಿತಿ ಇರುವುದೇ ಅಲ್ಲಿ. ಪೆಡಲ್ ಗಾಲಿಯನ್ನು ಎಳೆಯುತ್ತಿರುವಾಗ ಮಾತ್ರ ಅದು ನಿಜ. ಆನೆಗೊಂದಿ ಕಡೆಯ ಇಳಿಜಾರಿನಲ್ಲಿ ಕಾಲು ಸುಮ್ಮನೆ ತಿರುಗುತ್ತಾ ಫ್ರೀವೀಲ್ ಟಿಕಟಿಕ ಎನ್ನುತ್ತಿದ್ದರೆ ನೀವು ಎಣಿಸಿದ್ದಕ್ಕಿಂತ ವೇಗವಾಗಿ ಹೋಗುತ್ತಿದ್ದೀರಿ.

ಎದುರುಗಾಳಿಯಲ್ಲಿ ಲೆಕ್ಕ ತಪ್ಪುವುದಿಲ್ಲವೇ ಎಂದೂ ಕೇಳುತ್ತಾರೆ. ತಪ್ಪುವುದಿಲ್ಲ. ಗಾಳಿಗೆ ಸೋಲುವುದು ಕಾಲು, ಹಲ್ಲುಗಳಲ್ಲ. ಜುಲೈನಲ್ಲಿ ಗಂಗಾವತಿಯಿಂದ ಕೊಪ್ಪಳದ ಕಡೆ ಹೊರಟರೆ ಪಡುವಣ ಗಾಳಿ ಮುಖಕ್ಕೇ ಬಡಿಯುತ್ತದೆ. ನಿಮಿಷಕ್ಕೆ 80 ತುಳಿಯುತ್ತಿದ್ದವರು 42-18ರಲ್ಲೇ ಹಟ ಹಿಡಿದರೆ 60ಕ್ಕೆ ಇಳಿಯುತ್ತಾರೆ, ವೇಗ 18ಕ್ಕೆ ಬರುತ್ತದೆ, ಮೊಣಕಾಲು ನೋಯುತ್ತದೆ. ಹಿಂದೆ 22 ಹಲ್ಲಿಗೆ ಹಾಕಿ 75 ತುಳಿದರೆ ವೇಗ 18.5. ವೇಗ ಹೆಚ್ಚು ಕಡಿಮೆ ಅಷ್ಟೇ, ಆದರೆ ಪ್ರತಿ ತುಳಿತಕ್ಕೂ ಹಾಕುವ ಬಲ ಕಡಿಮೆ. ಭಾರದ ಗೇರ್ ಎಂದರೆ ಹೆಚ್ಚು ವೇಗ ಎಂದು ನಂಬಿ ಕೂತವರಿಗೆ ನಾನು ಮೊದಲು ಮಾಡಿಸುವುದು ಈ ಎರಡು ಸಾಲಿನ ಲೆಕ್ಕವನ್ನೇ.

ಗೇರ್ ಬದಲಾದರೆ ಸೆಕೆಂಡೂ ಬದಲಾಗುತ್ತದೆ ಎನ್ನುವುದನ್ನು ಮಾತ್ರ ಮರೆಯಬೇಡಿ. 42-22ಕ್ಕೆ ಸುಮಾರು 15 ಸೆಕೆಂಡು, ಎಲ್ಲಕ್ಕಿಂತ ಭಾರದ 42-14ಕ್ಕೆ 23. ಏಳೂ ಗೇರಿಗೆ ಬರೆದಿಟ್ಟುಕೊಳ್ಳುವುದು ಅನಗತ್ಯ. ನೀವು ಹೆಚ್ಚು ಬಳಸುವ ಎರಡು ಗೇರಿನ ಸೆಕೆಂಡುಗಳನ್ನು ಚೀಟಿಯಲ್ಲಿ ಬರೆದು ಹ್ಯಾಂಡಲಿಗೆ ಟೇಪ್ ಹಾಕಿ ಅಂಟಿಸಿದರೆ ಆಯಿತು. ಕಪ್ಪು ಸೈಕಲ್ಲಿನವರಿಗೆ ಚೀಟಿಯೂ ಬೇಡ. ಆದರೆ ಭಾರ ಹೊರಲು ಹಗುರಾಗಲಿ ಎಂದು ಮಿಸ್ತ್ರಿ ಹಿಂದೆ 20 ಹಲ್ಲಿನ ಫ್ರೀವೀಲ್ ಕೂರಿಸಿದ ದಿನದಿಂದ ನಿಮ್ಮ 20 ಸೆಕೆಂಡು ಹದಿನೇಳೂವರೆಗೆ ಇಳಿದಿರುತ್ತದೆ.